ಧೀಂಗಿಣ ವಾಟ್ಸ್‌ಆ್ಯಪ್‌ನಲ್ಲಿ ಮಸುಕಾಗದ ಹಾಗೆ

ವಿಡಿಯೊ ಕುಗ್ಗಿಸುವ ಸಾಫ್ಟ್‌ವೇರನ್ನು ಯಕ್ಷಗಾನದಷ್ಟು ಸತಾಯಿಸುವ ದೃಶ್ಯ ಸಿಗುವುದು ಕಷ್ಟ. ತೆಂಕುತಿಟ್ಟಿನ ಪುಂಡುವೇಷವೊಂದು ಚಂಡೆಯ ಪೆಟ್ಟಿಗೆ ಸರಿಯಾಗಿ ಧೀಂಗಿಣ ಹಾಕುತ್ತಿದೆ ಎಂದುಕೊಳ್ಳಿ. ಹಿಂದೆ ಕತ್ತಲು, ಮೇಲಿನಿಂದ ಪ್ರಖರ ದೀಪ, ಮೈತುಂಬ ಮಣಿ ಮತ್ತು ಜರಿ. ಅಷ್ಟೂ ಒಟ್ಟಿಗೆ ಗಿರ್ರನೆ ತಿರುಗುತ್ತಿವೆ. ಎಡಿಟ್ ಮಾಡಿದವರ ಫೋನಿನಲ್ಲಿ ಕಿರೀಟದ ಒಂದೊಂದು ಮಣಿಯೂ ಕಾಣುತ್ತದೆ. ಅದೇ ತುಣುಕು ಮೇಳದ ಅಭಿಮಾನಿಗಳ ಗುಂಪಿಗೆ, ಮುಂಬಯಿಯಲ್ಲೋ ದುಬೈಯಲ್ಲೋ ಇರುವ ನೆಂಟರಿಗೆ ತಲುಪುವಷ್ಟರಲ್ಲಿ ವೇಷ ಹೋಗಿ ಬಣ್ಣದ ಚೌಕಗಳ ರಾಶಿ ಉಳಿದಿರುತ್ತದೆ. ‘ವಾಟ್ಸ್‌ಆ್ಯಪ್ ಹಾಳು ಮಾಡಿತು’ ಎಂದು ಎಲ್ಲರೂ ಬೈಯುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧ ಎಕ್ಸ್‌ಪೋರ್ಟ್ ಗುಂಡಿ ಒತ್ತುವ ಮುನ್ನ ನಾವು ಆರಿಸಿಕೊಂಡ, ಅಥವಾ ಆರಿಸದೆ ಬಿಟ್ಟ, ಎರಡು ಸಂಖ್ಯೆಗಳಲ್ಲಿದೆ. ಒಂದು ರೆಸಲ್ಯೂಶನ್, ಇನ್ನೊಂದು ಬಿಟ್‌ರೇಟ್.

ರೆಸಲ್ಯೂಶನ್ ಬಹುತೇಕರಿಗೆ ಗೊತ್ತು. ಚಿತ್ರದ ಅಗಲ ಎತ್ತರಗಳಲ್ಲಿ ಎಷ್ಟು ಚುಕ್ಕೆಗಳಿವೆ ಎಂಬ ಲೆಕ್ಕ ಅದು. 1080ಪಿ ಎಂದರೆ 1920×1080, ಒಂದು ಚೌಕಟ್ಟಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪಿಕ್ಸೆಲ್. 720ಪಿ ಎಂದರೆ 1280×720, ಒಂಬತ್ತು ಲಕ್ಷ ಚಿಲ್ಲರೆ. ಬಿಟ್‌ರೇಟ್ ಮಾತ್ರ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಒಂದು ಸೆಕೆಂಡಿನ ವಿಡಿಯೊ ಬರೆಯಲು ಎಷ್ಟು ಡೇಟಾ ಖರ್ಚು ಮಾಡಬಹುದು ಎಂದು ಸಾಫ್ಟ್‌ವೇರಿಗೆ ನಾವು ಕೊಡುವ ಬಜೆಟ್ ಅದು. ಆ ಬಜೆಟ್ಟಿನಲ್ಲಿ ಅದು ಪ್ರತಿ ಚೌಕಟ್ಟನ್ನೂ ಹೊಸದಾಗಿ ಬರೆಯುತ್ತಾ ಕೂರುವುದಿಲ್ಲ. ಹಿಂದಿನ ಚೌಕಟ್ಟಿನಲ್ಲಿ ಇದ್ದದ್ದನ್ನೇ ಉಳಿಸಿಕೊಂಡು, ಏನು ಸರಿಯಿತು, ಏನು ಬದಲಾಯಿತು ಎಂಬುದನ್ನಷ್ಟೇ ದಾಖಲಿಸುತ್ತದೆ. ವೇದಿಕೆಯಲ್ಲಿ ನಿಂತು ಭಾಷಣ ಮಾಡುವವರ ವಿಡಿಯೊದಲ್ಲಿ ಬದಲಾಗುವುದು ತುಟಿ, ಕೈ, ಅಷ್ಟೇ. ಸಣ್ಣ ಬಜೆಟ್ಟಿನಲ್ಲೂ ಚೊಕ್ಕವಾಗಿ ಮುಗಿಯುತ್ತದೆ. ಧೀಂಗಿಣದಲ್ಲಿ ಹಿಂದಿನ ಚೌಕಟ್ಟಿನ ಯಾವ ಮಣಿಯೂ ಮುಂದಿನದರಲ್ಲಿ ಅದೇ ರೂಪದಲ್ಲಿ ಇರುವುದಿಲ್ಲ. ಬಜೆಟ್ ಸಾಲದೆ ಹೋದಾಗ ಸಾಫ್ಟ್‌ವೇರ್ ಸೂಕ್ಷ್ಮ ವಿವರಗಳನ್ನು ಬಿಟ್ಟು ಚೌಕ ಚೌಕವಾಗಿ ಬಣ್ಣ ಬಳಿಯುತ್ತದೆ. ಗುಂಪಿನಲ್ಲಿ ಕಂಡ ಚೌಕಗಳು ಅವೇ.

ಇದು ಒಂದೇ ಸಲ ನಡೆದರೆ ತಡೆದುಕೊಳ್ಳಬಹುದಿತ್ತು. ಎಕ್ಸ್‌ಪೋರ್ಟ್ ಮಾಡುವಾಗ ಎಡಿಟಿಂಗ್ ಆ್ಯಪ್ ಒಮ್ಮೆ ಕುಗ್ಗಿಸುತ್ತದೆ. ವಿಡಿಯೊ ಎಂದು ಕಳಿಸಿದಾಗ ಮೆಸೇಜಿಂಗ್ ಆ್ಯಪ್ ಅದನ್ನು ಬಿಚ್ಚಿ, ತನ್ನ ಅಳತೆಗೆ ಮತ್ತೊಮ್ಮೆ ಕುಗ್ಗಿಸುತ್ತದೆ. ಜೆರಾಕ್ಸ್ ಪ್ರತಿಯಿಂದ ಮತ್ತೆ ಜೆರಾಕ್ಸ್ ತೆಗೆದಂತೆ. ಮೊದಲ ಪ್ರತಿಯ ಕಲೆಗಳೂ ಎರಡನೆಯದಕ್ಕೆ ಅಕ್ಷರಗಳೇ. ಮೊದಲ ಸಂಕೋಚನದಲ್ಲಿ ಮೂಡಿದ ಚೌಕಗಳ ಅಂಚುಗಳನ್ನು ಎರಡನೆಯ ಸಂಕೋಚನ ‘ವಿವರ’ ಎಂದೇ ಭಾವಿಸಿ, ಇರುವ ಅಲ್ಪ ಬಜೆಟ್ಟನ್ನು ಅವುಗಳ ಮೇಲೆ ಸುರಿಯುತ್ತದೆ. ಹಾಗಾಗಿ ‘ಆ್ಯಪ್ ಹೇಗೂ ಕುಗ್ಗಿಸುತ್ತದೆ, ನಾವೇ ಮೊದಲು ಚಿಕ್ಕದು ಮಾಡಿ ಕೊಡೋಣ’ ಎಂಬ ಜಾಣತನ ತಿರುಗುಬಾಣವಾಗುತ್ತದೆ. ಎರಡನೆಯ ಸಲ ಕುಗ್ಗುವುದು ಖಚಿತವಾದರೆ ಮೊದಲ ಸಲ ಧಾರಾಳವಾಗಿರಬೇಕು. ನಾವೇ ಚಿಕ್ಕದು ಮಾಡುವುದಾದರೆ ಎರಡನೆಯ ಸಲ ಕುಗ್ಗದ ದಾರಿಯಲ್ಲೇ ಕಳಿಸಬೇಕು. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ಕುಗ್ಗದ ದಾರಿ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಲಗತ್ತಿನ ಗುರುತು ಒತ್ತಿದಾಗ ಬರುವ `Document` ಆಯ್ಕೆಯಲ್ಲಿ ವಿಡಿಯೊ ಫೈಲನ್ನು ಆರಿಸಿದರೆ ಆ್ಯಪ್ ಅದನ್ನು ಮುಟ್ಟದೆ, ಇದ್ದಂತೆಯೇ ಸಾಗಿಸುತ್ತದೆ. ಹಿಂದೆ ಹೀಗೆ ಕಳಿಸಲು 100 ಎಂಬಿ ಮಿತಿ ಇತ್ತು. 2022ರಲ್ಲಿ ಅದು 2 ಜಿಬಿ ಆಯಿತು. ಟೆಲಿಗ್ರಾಮ್‌ನಲ್ಲೂ ಫೈಲ್ ಆಗಿ ಕಳಿಸುವ ಅವಕಾಶವಿದೆ, ಅಲ್ಲಿಯೂ ಸಾಮಾನ್ಯ ಖಾತೆಗೆ ಮಿತಿ 2 ಜಿಬಿ. ಹಾಗಿದ್ದರೆ ದೊಡ್ಡ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿಬಿಡಬಾರದೇ? ಕಳಿಸಬಹುದು, ಆದರೆ ಡೌನ್‌ಲೋಡ್ ಮಾಡಿಕೊಳ್ಳುವವರು ಬೇಕಲ್ಲ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವ, ಫೋನಿನ ಸ್ಟೋರೇಜ್ ಯಾವಾಗಲೂ ತುಂಬಿಯೇ ಇರುವ ಚಿಕ್ಕಪ್ಪನಿಗೆ 700 ಎಂಬಿ ಕಳಿಸಿದರೆ ಅವರು ಹೆಬ್ಬೆಟ್ಟಿನ ಇಮೋಜಿ ಹಾಕಿ ಸುಮ್ಮನಾಗುತ್ತಾರೆ, ನೋಡಿರುವುದಿಲ್ಲ. ಆದ್ದರಿಂದ ಮೊದಲು ತೀರ್ಮಾನಿಸಬೇಕಾದದ್ದು ಎಷ್ಟು ಎಂಬಿ ಕಳಿಸಿದರೆ ಅವರು ತೆರೆದು ನೋಡಿಯಾರು ಎಂಬುದನ್ನು. ಬಿಟ್‌ರೇಟ್ ಅದರಿಂದ ತಾನಾಗಿ ಹೊರಡುತ್ತದೆ.

ಒಂದು ತುಣುಕನ್ನು ಹಿಡಿದು ಲೆಕ್ಕ ಹಾಕೋಣ. 4 ನಿಮಿಷ 10 ಸೆಕೆಂಡ್, ಅಂದರೆ 250 ಸೆಕೆಂಡಿನ ಯಕ್ಷಗಾನದ ತುಣುಕು. ಕ್ಯಾಮೆರಾದಲ್ಲಿ 1080ಪಿಯಲ್ಲಿ, ಸೆಕೆಂಡಿಗೆ 50 ಚೌಕಟ್ಟಿನಂತೆ ತೆಗೆದದ್ದು. ಗುಂಪಿಗೆ 100 ಎಂಬಿ ಮೀರಬಾರದು ಎಂದು ತೀರ್ಮಾನಿಸಿದ್ದೇವೆ. ಸೂತ್ರ ಇಷ್ಟೇ:

```
ಬಿಟ್‌ರೇಟ್ (ಎಂಬಿಪಿಎಸ್) = ಗಾತ್ರ (ಎಂಬಿ) × 8 ÷ ಸೆಕೆಂಡುಗಳು
100 × 8 ÷ 250 = 3.2
```

ಎಂಟರಿಂದ ಗುಣಿಸುವುದನ್ನು ಮರೆಯಬೇಡಿ. ಫೈಲಿನ ಗಾತ್ರವನ್ನು ಮೆಗಾಬೈಟ್‌ನಲ್ಲಿ ಹೇಳುತ್ತಾರೆ, ಬಿಟ್‌ರೇಟನ್ನು ಮೆಗಾಬಿಟ್‌ನಲ್ಲಿ. ಒಂದು ಬೈಟ್‌ಗೆ ಎಂಟು ಬಿಟ್. ಇಲ್ಲಿ ತಪ್ಪಿದರೆ ಲೆಕ್ಕ ಎಂಟು ಪಟ್ಟು ಆಚೀಚೆ ಆಗುತ್ತದೆ. 3.2 ಎಂಬಿಪಿಎಸ್ ಅಂದರೆ 3200 ಕೆಬಿಪಿಎಸ್. ಇದರಲ್ಲಿ ಧ್ವನಿಗೆ 128 ಮೀಸಲು. ಭಾಗವತರ ಪದ್ಯ, ಚಂಡೆಯ ಚುರುಕು ಎರಡೂ ಕೆಡದಿರಲು ಎಎಸಿ ಸ್ಟೀರಿಯೊ 128 ಸಾಕು. ಅದನ್ನು 64ಕ್ಕೆ ಇಳಿಸಿ ಉಳಿಸುವುದು ಚಿಲ್ಲರೆ ಕಾಸು, ಕಳೆದುಕೊಳ್ಳುವುದು ಚಂಡೆಯ ನಾದ. ಫೈಲಿನ ಹೊರಕವಚಕ್ಕೂ ಸ್ವಲ್ಪ ಜಾಗ ಬೇಕು, ಅಂದಾಜು ಆಚೀಚೆ ಆಗುವುದಕ್ಕೂ ಸ್ವಲ್ಪ ಬಿಡಬೇಕು. ಇದೆಲ್ಲ ಕಳೆದು ಚಿತ್ರಕ್ಕೆ 2900 ಕೆಬಿಪಿಎಸ್ ಎಂದಿಟ್ಟುಕೊಂಡರೆ ಫೈಲ್ 95 ಎಂಬಿಯ ಹತ್ತಿರ ಬಂದು ನಿಲ್ಲುತ್ತದೆ.

ಈಗ ರೆಸಲ್ಯೂಶನ್. ಇದೇ 2900ನ್ನು ಎಷ್ಟು ಪಿಕ್ಸೆಲ್‌ಗಳಿಗೆ ಹಂಚುತ್ತೇವೆ ಎಂಬುದು ಪ್ರಶ್ನೆ. ಸೆಕೆಂಡಿಗೆ 25 ಚೌಕಟ್ಟಿನ 1080ಪಿಯಲ್ಲಿ ಸೆಕೆಂಡಿಗೆ ಸುಮಾರು 5.2 ಕೋಟಿ ಪಿಕ್ಸೆಲ್. 2900 ಕೆಬಿಪಿಎಸ್ ಎಂದರೆ 29 ಲಕ್ಷ ಬಿಟ್. ಭಾಗಿಸಿದರೆ ಪಿಕ್ಸೆಲ್ಲಿಗೆ 0.056 ಬಿಟ್. ಅದೇ 25 ಚೌಕಟ್ಟಿನ 720ಪಿಯಲ್ಲಿ ಸೆಕೆಂಡಿಗೆ 2.3 ಕೋಟಿ ಪಿಕ್ಸೆಲ್, ಪಾಲು 0.126. ಎಚ್.264 ಎಂಬ, ಎಲ್ಲ ಫೋನುಗಳಲ್ಲೂ ಓಡುವ ಸಂಕೋಚನ ಪದ್ಧತಿಯಲ್ಲಿ 0.1ರ ಸುತ್ತಮುತ್ತ ಇದ್ದರೆ ಚಲನೆ ಜೋರಿರುವ ದೃಶ್ಯವೂ ಸಾಮಾನ್ಯವಾಗಿ ನಿಲ್ಲುತ್ತದೆ. 0.05ಕ್ಕೆ ಇಳಿದರೆ ಭಾಷಣ, ಸಂದರ್ಶನ, ಪಾಠ ಇಂಥವು ಮಾತ್ರ ಉಳಿಯುತ್ತವೆ. ಇದು ಶಾಸನವೇನಲ್ಲ, ಕೈಗಣ್ಣಿನ ಅಳತೆ. ಚಿತ್ರ ದೊಡ್ಡದಾದಂತೆ ಇನ್ನೂ ಸ್ವಲ್ಪ ಕಡಿಮೆ ಪಾಲಿನಲ್ಲಿ ಸುಧಾರಿಸುವುದುಂಟು. ಆದರೂ ನಮ್ಮ ತುಣುಕಿನ ಮಟ್ಟಿಗೆ ಅಳತೆ ಸ್ಪಷ್ಟ: 1080ಪಿ ಇಟ್ಟರೆ ಧೀಂಗಿಣ ಒಡೆಯುತ್ತದೆ, 720ಪಿ ಇಟ್ಟರೆ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಸಂಖ್ಯೆ ದೊಡ್ಡದಿದ್ದರೆ ಗುಣಮಟ್ಟ ದೊಡ್ಡದು ಎಂಬ ನಂಬಿಕೆಯಿಂದ 1080ಪಿ, ಕೆಲವರು 4ಕೆ ಕೂಡ ಆರಿಸುತ್ತಾರೆ, ಬಿಟ್‌ರೇಟನ್ನು ಮಾತ್ರ ‘ಕಡಿಮೆ’ಯಲ್ಲಿ ಬಿಡುತ್ತಾರೆ. ಹಸಿದ 1080ಪಿಗಿಂತ ಹೊಟ್ಟೆ ತುಂಬಿದ 720ಪಿ ಯಾವತ್ತೂ ಚೆಂದ. ಅಂಗೈಯಗಲದ ಫೋನ್ ಪರದೆಯನ್ನು ಕೈಯಳತೆ ದೂರದಲ್ಲಿ ಹಿಡಿದು ನೋಡುವವರಿಗೆ 720ಪಿ, 1080ಪಿ ನಡುವಿನ ವ್ಯತ್ಯಾಸ ಹುಡುಕಿದರೂ ಸುಲಭಕ್ಕೆ ಸಿಗದು. ಚೌಕಗಳು ಮಾತ್ರ ಹುಡುಕದೆಯೂ ಕಾಣುತ್ತವೆ. ಟಿವಿಗೆ ಹಾಕಿ ನೋಡುವ ಮನೆಯವರಿದ್ದರೆ ಮಾತು ಬೇರೆ. ಅವರಿಗೆ 1080ಪಿಯಲ್ಲೇ, ಇದೇ ಪಾಲು ಸಿಗುವಂತೆ 6500 ಕೆಬಿಪಿಎಸ್‌ನಲ್ಲಿ ಮಾಡಿ. ಇದೇ ತುಣುಕು 210 ಎಂಬಿಯ ಆಸುಪಾಸು ಆಗುತ್ತದೆ. ಅದನ್ನು ಗುಂಪಿಗೆ ಹಾಕದೆ ಅವರಿಗೇ ಕಳಿಸಬಹುದು.

ಚೌಕಟ್ಟಿನ ವೇಗದಲ್ಲೂ ಇದೇ ಹಂಚಿಕೆ ನಡೆಯುತ್ತದೆ. 50 ಚೌಕಟ್ಟನ್ನು ಹಾಗೆಯೇ ಉಳಿಸಿದರೆ 720ಪಿಯಲ್ಲೂ ಪಾಲು 0.063ಕ್ಕೆ ಬೀಳುತ್ತದೆ. 25ಕ್ಕೆ ಇಳಿಸಿದರೆ ತಿರುಗುವ ವೇಷ ತುಸು ಕಡಿಮೆ ನಯವಾಗಿ ಕಾಣುತ್ತದೆ, ಆದರೆ ಮಣಿಗಳು ಉಳಿಯುತ್ತವೆ. ನನ್ನ ಮತ ಮಣಿಗಳಿಗೆ. ಇಳಿಸುವಾಗ ಸರಿಯಾಗಿ ಅರ್ಧಕ್ಕೆ ಇಳಿಸಬೇಕು: 50 ಇದ್ದರೆ 25, ಫೋನಿನ 60 ಇದ್ದರೆ 30. ಫೋನಿನಲ್ಲಿ 30ರಲ್ಲಿ ತೆಗೆದದ್ದನ್ನು 25 ಮಾಡಲು ಹೋದರೆ ಐದು ಚೌಕಟ್ಟು ಎಲ್ಲೋ ಕಳಚಿ, ನಡಿಗೆ ತಡವರಿಸಿದಂತೆ ಕಾಣುತ್ತದೆ. 30 ಇದ್ದದ್ದು 30ರಲ್ಲೇ ಇರಲಿ.

ಸಂಖ್ಯೆಗಳು ಸಿಕ್ಕವು. ಕಂಪ್ಯೂಟರ್ ಇದ್ದರೆ ಎಡಿಟರ್‌ನಿಂದ ಮೊದಲು 20–25 ಎಂಬಿಪಿಎಸ್‌ನ ಧಾರಾಳದ ಮಾಸ್ಟರ್ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ. ಅಷ್ಟು ಬಜೆಟ್ಟಿನಲ್ಲಿ ಆಗುವ ನಷ್ಟ ಕಣ್ಣಿಗೆ ಬೀಳುವಂಥದ್ದಲ್ಲ. ಆಮೇಲೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಆ ಮಾಸ್ಟರನ್ನು ತೆರೆದು, ಅಳತೆ 1280×720 ಎಂದಿಟ್ಟು, ವಿಡಿಯೊ ಪುಟದಲ್ಲಿ `H.264 (x264)`, ವೇಗಕ್ಕೆ 25, `Avg Bitrate (kbps)` ಜಾಗದಲ್ಲಿ 2900 ಎಂದು ಬರೆಯಿರಿ. ಪಕ್ಕದಲ್ಲಿ `Multi-Pass Encoding` ಎಂಬ ಗುರುತು ಇರುತ್ತದೆ, ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು `2-Pass Encoding`. ಅದನ್ನು ಖಂಡಿತ ಒತ್ತಿ. ಆಗ ಸಾಫ್ಟ್‌ವೇರ್ ಇಡೀ ತುಣುಕನ್ನು ಮೊದಲೊಮ್ಮೆ ಓದಿಕೊಂಡು, ಭಾಗವತರು ಕುಳಿತು ಹಾಡುವ ಭಾಗದಲ್ಲಿ ಉಳಿಸಿದ ಬಿಟ್‌ಗಳನ್ನು ಧೀಂಗಿಣಕ್ಕೆ ಖರ್ಚು ಮಾಡುತ್ತದೆ. 2900 ಎಂಬುದು ಸರಾಸರಿ ತಾನೇ. ಎಲ್ಲ ಸೆಕೆಂಡಿಗೂ ಸಮಪಾಲು ಕೊಡಬೇಕೆಂದಿಲ್ಲ. ಸಮಯ ದುಪ್ಪಟ್ಟಿನ ಹತ್ತಿರ ಹಿಡಿಯುತ್ತದೆ, ಹಿಡಿಯಲಿ.

ಗಾತ್ರದ ಮಿತಿಯೇ ಇಲ್ಲದಿದ್ದರೆ ಈ ಲೆಕ್ಕವೆಲ್ಲ ಬೇಡ. ಅಲ್ಲೇ ಇರುವ `Constant Quality` ಆರಿಸಿ, 720ಪಿಗೆ 21ರ ಆಸುಪಾಸು, 1080ಪಿಗೆ 22ರ ಆಸುಪಾಸು ಇಟ್ಟರಾಯಿತು. ಇಲ್ಲಿ ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ. ದೃಶ್ಯಕ್ಕೆ ಬೇಕಾದಷ್ಟು ಬಿಟ್‌ಗಳನ್ನು ಸಾಫ್ಟ್‌ವೇರೇ ಖರ್ಚು ಮಾಡುತ್ತದೆ. ಫೈಲ್ ಎಷ್ಟಾಗುತ್ತದೆ ಎಂದು ಮಾತ್ರ ಮೊದಲೇ ಹೇಳಲು ಬರುವುದಿಲ್ಲ.

ಫೋನಿನಲ್ಲೇ ಎಡಿಟ್ ಮಾಡುವವರಿಗೆ ಕೆಲವು ಆ್ಯಪ್‌ಗಳು ಬಿಟ್‌ರೇಟ್ ಆರಿಸಲು ಬಿಡುತ್ತವೆ, ಕೆಲವು ರೆಸಲ್ಯೂಶನ್ ಮಾತ್ರ ಕೇಳಿ ಅಂದಾಜು ಗಾತ್ರ ತೋರಿಸುತ್ತವೆ. ಆ ಅಂದಾಜನ್ನು ಮೇಲಿನ ಸೂತ್ರಕ್ಕೆ ಹಾಕಿದರೆ ಅಡಗಿದ್ದ ಬಿಟ್‌ರೇಟ್ ಹೊರಬರುತ್ತದೆ. ಫೋನಿನ ಚಿಪ್ಪು ಕುಗ್ಗಿಸುವುದರಲ್ಲಿ ವೇಗಿ, ಆದರೆ ಕಂಪ್ಯೂಟರಿನಲ್ಲಿ ನಿಧಾನವಾಗಿ ಕುಗ್ಗಿಸಿದಷ್ಟು ಮಿತವ್ಯಯಿ ಅಲ್ಲ. ಆದ್ದರಿಂದ 2900 ಬೇಕಾದ ಕಡೆ ಫೋನಿನಲ್ಲಿ 4000 ಕೊಟ್ಟು, ಗಾತ್ರ 130 ಎಂಬಿಯ ಹತ್ತಿರ ಹೋದರೂ ಒಪ್ಪಿಕೊಳ್ಳುವುದು ಲೇಸು. ಎಚ್ಇವಿಸಿ ಅಥವಾ ಎಚ್.265 ಎಂಬ ಹೊಸ ಪದ್ಧತಿ ಕಂಡರೆ ಆಸೆಯಾಗುತ್ತದೆ. ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧ ಡೇಟಾ ಸಾಕೆನ್ನುವ ಪದ್ಧತಿ ಅದು. ಪಡೆಯುವವರ ಫೋನ್ ಯಾವುದೆಂದು ಗೊತ್ತಿದ್ದರೆ ಬಳಸಿ. ಎಲ್ಲ ಕಾಲದ ಫೋನುಗಳೂ ಇರುವ ಗುಂಪಿಗೆ ಬೇಡ. ಕೆಲವರಿಗೆ ಧ್ವನಿ ಮಾತ್ರ ಕೇಳಿ ಪರದೆ ಕಪ್ಪಾಗಿರುತ್ತದೆ.

ಎಲ್ಲರೂ ಡಾಕ್ಯುಮೆಂಟ್ ತೆರೆಯುವವರಲ್ಲ ಎಂಬುದೂ ನಿಜ. ಚಾಟ್‌ನಲ್ಲಿ ಚಿತ್ರ ಕಾಣಬೇಕು, ಒತ್ತಿದ ಕೂಡಲೇ ಓಡಬೇಕು ಎನ್ನುವವರೇ ಹೆಚ್ಚು. ಅವರಿಗಾಗಿ ವಿಡಿಯೊ ಆಗಿಯೇ ಕಳಿಸಬೇಕಾದಾಗ ಲೆಕ್ಕ ತಿರುಗುಮುರುಗಾಗುತ್ತದೆ. 2023ರ ಆಗಸ್ಟ್‌ನಲ್ಲಿ ವಾಟ್ಸ್‌ಆ್ಯಪ್ ಎಚ್‌ಡಿ ಆಯ್ಕೆಯನ್ನು ತಂದಾಗ ಮಾಮೂಲಿ ವಿಡಿಯೊ 480ಪಿಗೆ, ಎಚ್‌ಡಿ ವಿಡಿಯೊ 720ಪಿಗೆ ಇಳಿಯುತ್ತಿತ್ತು. ಕಳಿಸುವ ಮುನ್ನ ಪರದೆಯ ಮೇಲೆ ಕಾಣುವ `HD` ಗುರುತನ್ನು ಒತ್ತುವುದನ್ನು ಮರೆತರೆ ಉಳಿದ ಶ್ರಮವೆಲ್ಲ ವ್ಯರ್ಥ. ಈ ದಾರಿಗೆ ನಾನು ಆರಿಸುವುದು ಆ್ಯಪ್ ಕೊನೆಗೆ ಇಳಿಸುವ ಅಳತೆಯನ್ನೇ, ಅಂದರೆ 720ಪಿಯನ್ನು, ಆದರೆ 8000ದಿಂದ 10000 ಕೆಬಿಪಿಎಸ್‌ನಲ್ಲಿ. ಅಳತೆ ಮೊದಲೇ ಹೊಂದಿದ್ದರೆ ಆ್ಯಪ್ ಅವಸರದಲ್ಲಿ ಚಿತ್ರವನ್ನು ಕಿರಿದುಗೊಳಿಸಬೇಕಾಗುವುದಿಲ್ಲ. ಆ ಅವಸರದಲ್ಲೇ ಸೀರೆಯ ಜರಿ ಅಂಚು, ಕಿರೀಟದ ಗೆರೆಗಳು ಮಿಣಮಿಣ ಅಲುಗತೊಡಗುವುದು. ಬಿಟ್‌ರೇಟ್ ಧಾರಾಳವಾಗಿದ್ದರೆ ಎರಡನೆಯ ಸಂಕೋಚನಕ್ಕೆ ಚೌಕಗಳಿಲ್ಲದ ಶುದ್ಧ ಚಿತ್ರ ಸಿಗುತ್ತದೆ. ಉದ್ದುದ್ದ ನಿಲ್ಲಿಸಿ ತೆಗೆದ ವಿಡಿಯೊ ಆದರೆ 720×1280.

ಕತ್ತಲೆಯ ಬಗ್ಗೆ ಒಂದು ಮಾತು. ರಾತ್ರಿ ಆಟದ ಹಿನ್ನೆಲೆ ಕಪ್ಪಾಗಿ ಕಂಡರೂ ಅದರಲ್ಲಿ ಸೆನ್ಸರಿನ ಸಣ್ಣ ಚುಕ್ಕೆಗಳು ಸದಾ ಕುಣಿಯುತ್ತಿರುತ್ತವೆ. ಪ್ರತಿ ಚೌಕಟ್ಟಿನಲ್ಲೂ ಹೊಸ ಚುಕ್ಕೆಗಳಾದ್ದರಿಂದ ಸಂಕೋಚನಕ್ಕೆ ಅದೂ ಚಲನೆಯೇ. ಯಾರೂ ನೋಡದ ಆ ಕತ್ತಲೆ ವೇಷದ ಪಾಲಿನ ಬಿಟ್‌ಗಳನ್ನು ತಿಂದುಹಾಕುತ್ತದೆ. ಹ್ಯಾಂಡ್‌ಬ್ರೇಕಿನ `Filters` ಪುಟದಲ್ಲಿ `Denoise` ಅನ್ನು ಹಗುರ ಮಟ್ಟದಲ್ಲಿ ಹಾಕಿದರೆ, ಬಿಟ್‌ರೇಟ್ ಏರಿಸದೆಯೇ ವೇಷ ಸ್ಪಷ್ಟವಾಗುವುದನ್ನು ನೋಡಬಹುದು. ಜಾಸ್ತಿ ಹಾಕಿದರೆ ಮುಖವರ್ಣಿಕೆ ಮೇಣದಂತೆ ನುಣ್ಣಗಾಗುತ್ತದೆ, ಎಚ್ಚರ.

ಇಡೀ ತುಣುಕನ್ನು ಮಾಡಿ ಮುಗಿಸುವ ಮುನ್ನ ಅತ್ಯಂತ ಕಷ್ಟದ ಹದಿನೈದು ಸೆಕೆಂಡನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡು ನೋಡುವುದು ಒಳ್ಳೆಯದು. ಧೀಂಗಿಣ ಉಳಿದರೆ ಉಳಿದದ್ದೆಲ್ಲ ಉಳಿದಂತೆಯೇ. ಆಂಡ್ರಾಯ್ಡ್ ಫೋನಿನಲ್ಲಿ ಇನ್ನೊಂದು ಅನುಕೂಲವಿದೆ. ವಿಡಿಯೊ ಆಗಿ ಕಳಿಸಿದ್ದರ ಕುಗ್ಗಿದ ಪ್ರತಿ ನಿಮ್ಮ ಫೋನಿನಲ್ಲೇ `Android/media/com.whatsapp/WhatsApp/Media/WhatsApp Video/Sent` ಎಂಬಲ್ಲಿ ಬಿದ್ದಿರುತ್ತದೆ. ಅದನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ, `Properties` ತೆರೆದು `Details` ನೋಡಿ. `Frame width`, `Frame height`, `Total bitrate` ಎಂದು ಮೂರು ಸಾಲು ಇರುತ್ತವೆ. ಆ್ಯಪ್ ಏನು ಮಾಡಿತು ಎಂಬುದಕ್ಕೆ ಊಹೆ ಬೇಕಿಲ್ಲ, ಅಂಕಿಯೇ ಹೇಳುತ್ತದೆ. ಆ್ಯಪ್‌ಗಳು ತಮ್ಮ ಮಿತಿಗಳನ್ನು ಹೇಳದೆ ಕೇಳದೆ ಬದಲಿಸುತ್ತಿರುವುದರಿಂದ, ಯಾರೋ ಬರೆದ ಅಂಕಿಗಿಂತ (ಈ ಲೇಖನದ್ದೂ ಸೇರಿ) ಈ ಮೂರು ಸಾಲು ಹೆಚ್ಚು ನಂಬಿಕೆಗೆ ಅರ್ಹ.

ಕೆಟ್ಟದ್ದು ಎಲ್ಲಿ ಎಂದು ಕಣ್ಣಿನಿಂದಲೂ ಗುರುತಿಸಬಹುದು. ಕುಣಿತ ಜೋರಾದಾಗ ಮಾತ್ರ ಚೌಕಗಳು ಎದ್ದು, ನಿಂತ ಕೂಡಲೇ ಚಿತ್ರ ತಿಳಿಯಾದರೆ ಬಿಟ್‌ರೇಟ್ ಸಾಲದು. ಕುಣಿದರೂ ನಿಂತರೂ ಒಂದೇ ರೀತಿ ಮೆತ್ತಗೆ ಮಂಜುಮಂಜಾಗಿದ್ದರೆ ಅಳತೆ ಇಳಿದಿದೆ, ಬಹುಶಃ `HD` ಒತ್ತಿಲ್ಲ. ಬಣ್ಣವೇ ಪೇಲವವಾಗಿ, ಬಿಳಿಚಿಕೊಂಡು ಕಂಡರೆ ಬಿಟ್‌ರೇಟನ್ನು ದೂರಬೇಡಿ. ಐಫೋನ್ 12 ಮತ್ತು ನಂತರದ ಫೋನುಗಳು ತೆಗೆಯುವ ಎಚ್‌ಡಿಆರ್ ವಿಡಿಯೊ ಮಾಮೂಲಿ ಪರದೆಗೆ ಸರಿಯಾಗಿ ಹೊಂದದೆ ಹಾಗಾಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಎಚ್‌ಡಿಆರ್ ತೆಗೆದು ಮಾಮೂಲಿ ಬಣ್ಣಕ್ಕೆ ತಂದರೆ ಸರಿಹೋಗುತ್ತದೆ. ಈ ಯಾವ ದೋಷವನ್ನು ಕಂಡರೂ ಮೊದಲು ನಿಮ್ಮ ಎಕ್ಸ್‌ಪೋರ್ಟ್ ಫೈಲಿನಲ್ಲಿ ಅದೇ ಕ್ಷಣವನ್ನು ನಿಲ್ಲಿಸಿ ನೋಡಿ. ಅಲ್ಲೂ ಇದ್ದರೆ ತಿದ್ದಬೇಕಾದದ್ದು ನಿಮ್ಮ ಸಂಖ್ಯೆಗಳನ್ನು, ಅಲ್ಲಿಲ್ಲದೆ `Sent` ಪ್ರತಿಯಲ್ಲಿ ಮಾತ್ರ ಇದ್ದರೆ ಕಳಿಸಿದ ದಾರಿಯನ್ನು.

ಗುಂಪಿಗೆ ಹಾಕುವಾಗ ಜೊತೆಗೊಂದು ಸಾಲು ಬರೆದರೆ ಒಳಿತು: ‘ಮುಂದಕ್ಕೆ ಕಳಿಸುವುದಾದರೆ ಇದನ್ನೇ ಫಾರ್ವರ್ಡ್ ಮಾಡಿ.’ ಫಾರ್ವರ್ಡ್ ಮಾಡಿದಾಗ ಹೋಗುವುದು ಅದೇ ಫೈಲ್. ಗ್ಯಾಲರಿಗೆ ಉಳಿಸಿಕೊಂಡು ಅಲ್ಲಿಂದ ಹೊಸದಾಗಿ ವಿಡಿಯೊ ಎಂದು ಕಳಿಸಿದರೆ ಸಂಕೋಚನ ಮತ್ತೊಮ್ಮೆ ಶುರುವಾಗುತ್ತದೆ. ನಾಲ್ಕಾರು ಗುಂಪು ದಾಟಿ ನಿಮ್ಮದೇ ವಿಡಿಯೊ ಗುರುತು ಸಿಗದಂತೆ ನಿಮಗೇ ವಾಪಸು ಬರುವುದು ಹೀಗೆಯೇ.